ಹಾಲುಣಿಸುತ್ತಲೇ ವ್ಯಾಯಾಮಕ್ಕೆ ಮರಳಿದ್ದು: ಊಟ, ಹಾಲು, ತೂಕದ ಲೆಕ್ಕ

ನನ್ನ ಮಗಳಿಗೆ ಈಗ ಒಂಬತ್ತು ತಿಂಗಳು. ಬಸುರಿಯಾಗುವ ಮುಂಚೆ ನಾನು 63 ಕೆಜಿ ಇದ್ದೆ. ಹೆರಿಗೆಯಾಗಿ ಎರಡೂವರೆ ತಿಂಗಳಾದಾಗ 71 ಇತ್ತು, ಈಗ 64 ಇದೆ. ಈ ಏಳು ಕೆಜಿ ಇಳಿಯಲು ಸುಮಾರು ಆರು ತಿಂಗಳು ಹಿಡಿಯಿತು. ಎದೆಹಾಲು ಒಂದು ದಿನವೂ ನಿಲ್ಲಿಸಿಲ್ಲ, ಈಗಲೂ ಕೊಡುತ್ತಿದ್ದೇನೆ.

ಶುರುವಿನಲ್ಲಿ ನನಗೆ ಸಿಕ್ಕ ಸಲಹೆಗಳು ಒಂದಕ್ಕೊಂದು ತಾಳೆಯಾಗುತ್ತಲೇ ಇರಲಿಲ್ಲ. ಹಾಲು ಕೊಡ್ತಾ ಇದ್ರೆ ತೂಕ ತಾನಾಗೇ ಇಳಿಯುತ್ತೆ ಅಂದರು ಕೆಲವರು. ವ್ಯಾಯಾಮ ಮಾಡಿದ್ರೆ ಹಾಲು ಬತ್ತಿಹೋಗುತ್ತೆ ಅಂದರು ಇನ್ನು ಕೆಲವರು. ಜಿಮ್ಮಿನ ತರಬೇತುದಾರರೊಬ್ಬರಂತೂ ದಿನಕ್ಕೆ 1,200 ಕ್ಯಾಲೊರಿಯ ಒಂದು ಪಟ್ಟಿಯನ್ನೇ ಬರೆದುಕೊಟ್ಟರು. ಮಗುವಿಗೆ ಹಾಲು ಕೊಡುತ್ತಿದ್ದೀರಾ ಅಂತ ಒಂದು ಮಾತು ಕೇಳಲಿಲ್ಲ. ಫೋನಿನ ಆ್ಯಪ್‌ನಲ್ಲೂ ಎತ್ತರ, ತೂಕ, ವಯಸ್ಸು ಹಾಕಿದರೆ ಹೆಚ್ಚುಕಮ್ಮಿ ಅದೇ ಸಂಖ್ಯೆ ಬಂತು. ಅದರಲ್ಲೂ ಹಾಲುಣಿಸುವವರಿಗೆ ಅಂತ ಜಾಗವೇ ಇರಲಿಲ್ಲ. ಎರಡೂ ಕಡೆ ಒಂದೇ ಸಂಖ್ಯೆ ಬಂದಾಗ ಅದೇ ಸರಿ ಇರಬೇಕು ಅನ್ನಿಸುವುದು ಸಹಜ. ಆದರೆ ಎರಡು ಗಂಟೆಗೊಮ್ಮೆ ಹಸಿಯುತ್ತಿದ್ದ ನನ್ನ ಹೊಟ್ಟೆ ಅದನ್ನು ಒಪ್ಪಲಿಲ್ಲ. ಪಟ್ಟಿಯನ್ನು ಮಡಿಸಿಟ್ಟು ಡಯಟಿಷಿಯನ್ ಹತ್ತಿರ ಸಮಯ ಕೇಳಿದೆ.

ಅದಕ್ಕೂ ಮುಂಚೆ ಆರನೇ ವಾರದ ತಪಾಸಣೆ ಮುಗಿದಿತ್ತು. ನನ್ನದು ಸಹಜ ಹೆರಿಗೆ, ಹೊಲಿಗೆ ಬಿದ್ದಿತ್ತು. ಡಾಕ್ಟರ್ ಹೊಲಿಗೆ ನೋಡಿ, ಬಿಪಿ ನೋಡಿ, 'ಎಲ್ಲ ಸರಿ ಇದೆ, ವ್ಯಾಯಾಮ ಶುರು ಮಾಡಬಹುದು' ಅಂದರು. ಯಾವ ವ್ಯಾಯಾಮ, ಎಷ್ಟು ಅಂತ ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು. ನನಗೋ ಕೆಮ್ಮಿದರೆ, ಸೀನಿದರೆ ಮೂತ್ರ ಸ್ವಲ್ಪ ಸೋರುತ್ತಿತ್ತು. ಅದನ್ನು ಹೇಳಲು ಸಂಕೋಚವಾಗಿ ಬಾಗಿಲ ಹತ್ತಿರ ನಿಂತು ನರ್ಸ್‌ಗೆ ಹೇಳಿದೆ. ಅವರು ಹೆರಿಗೆಯಾದವರನ್ನು ನೋಡುವ ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಚೀಟಿ ಬರೆಸಿಕೊಟ್ಟರು. ಸೋರುವುದು ತುಂಬ ಜನಕ್ಕೆ ಆಗುತ್ತದೆ. ಹಾಗಂತ ಅದನ್ನು ಸಹಿಸಿಕೊಂಡೇ ಇರಬೇಕಾಗಿಲ್ಲ, ಬಹುಪಾಲು ಜನರಿಗೆ ವ್ಯಾಯಾಮದಿಂದಲೇ ಕಡಿಮೆಯಾಗುತ್ತದೆ. ತಪಾಸಣೆಗೆ ಹೋಗುವಾಗ ಇದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಕೂತ ತಕ್ಷಣ ಮೊದಲಿಗೆ ಅದನ್ನೇ ಹೇಳಿ.

ಫಿಸಿಯೋ ಸಮಯ ಸಿಗಲು ಹಲವು ವಾರ ಕಾಯಬೇಕಾಯಿತು. ಅಲ್ಲಿಯವರೆಗೆ ನಡಿಗೆ ಮಾತ್ರ. ಡಯಟಿಷಿಯನ್ ಮೊದಲು ಸಿಕ್ಕರು.

ಆಕೆ ಮೊದಲು ತೂಕದ ಮಾತೇ ಎತ್ತಲಿಲ್ಲ. 'ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ತಂದಿದ್ದೀರಾ?' ಅಂದರು. ತಂದಿದ್ದೆ. ಅದರಲ್ಲಿ ಹೆರಿಗೆ ಹೊತ್ತಿನಲ್ಲಿ ಎಷ್ಟು ರಕ್ತ ಹೋಗಿತ್ತು ಅಂತ ಬರೆದಿದ್ದ ಸಾಲಿಗೆ ಪೆನ್ನಿನಿಂದ ಗೆರೆ ಎಳೆದು, 'ಇದಾದ ಮೇಲೆ ಹಿಮೋಗ್ಲೋಬಿನ್ ನೋಡಿಸಿದ್ದೀರಾ?' ಅಂತ ಕೇಳಿದರು. ಯಾರೂ ನೋಡಿಸಿರಲಿಲ್ಲ. ಡಾಕ್ಟರ್ ಹತ್ತಿರ ಬರೆಸಿಕೊಂಡು ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಮೂರನ್ನೂ ಮಾಡಿಸಿದೆ. ಥೈರಾಯ್ಡ್ ಯಾಕೆ ಅಂದರೆ, ಹೆರಿಗೆಯಾದ ಮೊದಲ ವರ್ಷದಲ್ಲಿ ಕೆಲವರಿಗೆ ಅದು ಏರುಪೇರಾಗುತ್ತದೆ. ಆಗ ತೂಕ ಸುಮ್ನೆ ಇಳಿಯಬಹುದು, ಇಲ್ಲವೇ ಎಷ್ಟು ಮಾಡಿದರೂ ಇಳಿಯದೆ ಸುಸ್ತು ಹಿಡಿಯಬಹುದು. ನನ್ನ ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 10.8, ಫೆರಿಟಿನ್ 14. ಅಂದರೆ ಕಬ್ಬಿಣದ ದಾಸ್ತಾನು ತಳ ಕಂಡಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದುದನ್ನು ನಾನು ನಿದ್ದೆಗೇಡಿನ ತಲೆಗೆ ಕಟ್ಟಿದ್ದೆ.

ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರು. ಅದನ್ನು ಹಾಲು, ಟೀ, ಕಾಫಿ, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ತಗೊಂಡರೆ ಮೈಗೆ ಹತ್ತುವುದಿಲ್ಲ, ಒಂದೆರಡು ಗಂಟೆ ಅಂತರ ಬೇಕು. ಕಬ್ಬಿಣ ಸ್ವಲ್ಪ ಮೇಲೆ ಬರುವವರೆಗೆ ನಡಿಗೆ ಮತ್ತು ಹಗುರ ವ್ಯಾಯಾಮ ಮಾತ್ರ, ಉಸಿರು ಕಟ್ಟುವಂಥದ್ದು ಬೇಡ ಅಂದರು. ಬೇಜಾರಾಯಿತು. ಎರಡು ತಿಂಗಳು ಕಾದು ಕಾದು ಈಗ ಶುರು ಮಾಡೋಣ ಅಂದುಕೊಂಡವಳಿಗೆ ಮತ್ತೆ ಕಾಯಿರಿ ಅಂದರೆ ಹೇಗಿರುತ್ತೆ ಹೇಳಿ.

ರಿಪೋರ್ಟ್ ತಗೊಂಡು ಮತ್ತೆ ಹೋದಾಗ ಡಯಟಿಷಿಯನ್ ಒಂದು ಹಾಳೆ ತೆಗೆದು ನನ್ನೆದುರೇ ಲೆಕ್ಕ ಹಾಕಿದರು. ಈ ಇಡೀ ಹಾದಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಆ ಒಂದು ಹಾಳೆ. ಅದಕ್ಕೇ ಪೂರ್ತಿ ಹೇಳುತ್ತೇನೆ.

ನನಗೆ 31 ವರ್ಷ, 160 ಸೆಂ.ಮೀ. ಎತ್ತರ, 71 ಕೆಜಿ ತೂಕ. ಇಷ್ಟಿರುವ ದೇಹ ದಿನವಿಡೀ ಸುಮ್ಮನೆ ಮಲಗಿದ್ದರೂ ಉಸಿರಾಟ, ಎದೆಬಡಿತ, ಮೈಬಿಸಿ ಇವಕ್ಕೇ ಸುಮಾರು 1,400 ಕ್ಯಾಲೊರಿ ಖರ್ಚು ಮಾಡುತ್ತದೆ. ಮನೆಯೊಳಗೆ ಓಡಾಡುವುದು, ಮಗು ಎತ್ತಿಕೊಳ್ಳುವುದು, ಅಡುಗೆ, ಬಟ್ಟೆ ಎಲ್ಲ ಸೇರಿದರೆ ಸುಮಾರು 1,950. ಇನ್ನು ಹಾಲು. ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಹೆಚ್ಚುಕಮ್ಮಿ ಮುಕ್ಕಾಲು ಲೀಟರ್ ಕುಡಿಯುತ್ತದೆ. 100 ಮಿಲಿ ಹಾಲಿನಲ್ಲಿ 65ರಿಂದ 67 ಕ್ಯಾಲೊರಿ ಇರುತ್ತದೆ. ಅಲ್ಲಿಗೆ ಮಗುವಿನ ಹೊಟ್ಟೆ ಸೇರುವುದೇ 500 ಕ್ಯಾಲೊರಿ. ಆ ಹಾಲನ್ನು ತಯಾರಿಸಲು ದೇಹಕ್ಕೆ ಇನ್ನಷ್ಟು ಬೇಕು. ಎಲ್ಲ ಕೂಡಿಸಿದರೆ ವ್ಯಾಯಾಮವೇ ಇಲ್ಲದ ದಿನವೂ ನನ್ನ ಖರ್ಚು 2,500ರ ಆಸುಪಾಸು.

'ಈಗ ನಿಮ್ಮ 1,200ನ್ನು ಇದರ ಪಕ್ಕ ಇಟ್ಟು ನೋಡಿ' ಅಂದರು. ಅದು ಮಲಗಿದ ದೇಹಕ್ಕೂ ಸಾಲದ ಊಟ. ದಿನಕ್ಕೆ 1,300 ಕ್ಯಾಲೊರಿ ಕೊರತೆ, ವ್ಯಾಯಾಮ ಸೇರಿದರೆ ಇನ್ನೂ ಜಾಸ್ತಿ. ಅಷ್ಟು ಕೊರತೆಯನ್ನು ದೇಹ ಬರೀ ಕೊಬ್ಬಿನಿಂದ ತುಂಬಿಕೊಳ್ಳುವುದಿಲ್ಲ, ಸ್ನಾಯುವನ್ನೂ ಕರಗಿಸುತ್ತದೆ. ಹಾಲುಣಿಸುವಾಗ ಅನ್ನ, ರೊಟ್ಟಿಯಂಥ ಪಿಷ್ಟವನ್ನು ಪೂರ್ತಿ ಬಿಟ್ಟು, ಊಟವನ್ನೂ ಕಡಿಮೆ ಮಾಡಿದರೆ ಅಪರೂಪಕ್ಕೆ ರಕ್ತದಲ್ಲಿ ಆಮ್ಲ ಏರುವ ಅಪಾಯವೂ ಇದೆಯಂತೆ. ಇದನ್ನು ಕೀಟೋಆಸಿಡೋಸಿಸ್ ಅನ್ನುತ್ತಾರೆ, ಸಕ್ಕರೆ ಕಾಯಿಲೆ ಇಲ್ಲದವರಿಗೂ ಆಗಬಹುದು. ತಡೆಯಲಾಗದ ವಾಕರಿಕೆ, ವಾಂತಿ, ಹೊಟ್ಟೆನೋವು, ಜೋರು ಉಸಿರು ಕಂಡರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಪಿಷ್ಟ ಬಿಟ್ಟು ತೂಕ ಇಳಿಸುವ ಯೋಚನೆ ಇರುವವರು ಹಾಲುಣಿಸುವ ಕಾಲಕ್ಕೆ ಅದನ್ನು ಪಕ್ಕಕ್ಕಿಡಿ.

ಆಮೇಲೆ ಬಂತು ಎಲ್ಲರೂ ಎಡವುವ ಜಾಗ. ಹಾಲುಣಿಸುವವರಿಗೆ ಮೊದಲ ಆರು ತಿಂಗಳು ದಿನಕ್ಕೆ 330 ಕ್ಯಾಲೊರಿ ಹೆಚ್ಚು ಬೇಕು ಅಂತ ತುಂಬ ಕಡೆ ಬರೆದಿರುತ್ತದೆ. ಹಾಲಿಗೇ 500 ಹೋಗುವಾಗ 330 ಹೇಗೆ? ಬಸುರಿನಲ್ಲಿ ಸೇರಿದ ಕೊಬ್ಬಿನಿಂದ ದಿನಕ್ಕೆ 170 ಬರುತ್ತದೆ ಅಂತ ಆ ಲೆಕ್ಕ ಮಾಡಿದವರು ಮೊದಲೇ ಕಳೆದಿರುತ್ತಾರೆ. ಅಂದರೆ 330 ಎಂಬ ಸಂಖ್ಯೆಯೊಳಗೇ ನಿಧಾನವಾಗಿ ತೂಕ ಇಳಿಯುವ ಲೆಕ್ಕ ಅಡಗಿದೆ. ಇದು ಗೊತ್ತಿಲ್ಲದೆ ಅದರ ಮೇಲೆ ಮತ್ತೆ 500 ಕಡಿತ ಮಾಡಿ, ಅದರ ಮೇಲೆ ವ್ಯಾಯಾಮವನ್ನೂ ಸೇರಿಸಿದರೆ ಮೂರು ಸಲ ಕತ್ತರಿ ಹಾಕಿದ ಹಾಗೆ. ಊಟದ ಪಟ್ಟಿ ಕೊಡುವವರನ್ನು ಒಂದು ಪ್ರಶ್ನೆ ತಪ್ಪದೆ ಕೇಳಿ: ಇದರಲ್ಲಿ ಹಾಲಿಗೆ ಎಷ್ಟು ಸೇರಿಸಿದ್ದೀರಿ, ಕೊಬ್ಬಿನಿಂದ ಬರುತ್ತದೆ ಅಂತ ಎಷ್ಟು ಕಳೆದಿದ್ದೀರಿ? ಉತ್ತರ ಬರದಿದ್ದರೆ ಆ ಪಟ್ಟಿ ಹಾಲುಣಿಸುವವರಿಗೆ ಮಾಡಿದ್ದಲ್ಲ.

ನನಗೆ ಕೊನೆಗೆ ಗೊತ್ತುಮಾಡಿದ್ದು ದಿನಕ್ಕೆ 2,200 ಕ್ಯಾಲೊರಿ. ವ್ಯಾಯಾಮ ಮಾಡಿದ ದಿನ ಅದಕ್ಕೆ ಖರ್ಚಾದಷ್ಟನ್ನು, ಅಂದರೆ 100ರಿಂದ 200ರವರೆಗೆ, ಮೇಲೆ ಸೇರಿಸಿ ತಿನ್ನಬೇಕು. ಕೊರತೆ ದಿನಕ್ಕೆ 300 ಮಾತ್ರ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ವಾರಕ್ಕೆ 2,100 ಕೊರತೆಯಾದರೆ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ. 'ಅಷ್ಟೇನಾ?' ಅಂದೆ. ವಾರಕ್ಕೆ ಅರ್ಧ ಕೆಜಿವರೆಗೆ ಇಳಿದರೂ ಹಾಲಿಗೆ, ಮಗುವಿಗೆ ತೊಂದರೆಯಾಗುವುದಿಲ್ಲ ಅಂತ ಆಕೆ 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ ಹೇಳಿದರು. ಹಾಲುಣಿಸುತ್ತಿದ್ದ, ತೂಕ ಜಾಸ್ತಿಯಿದ್ದ ತಾಯಂದಿರು ಹತ್ತು ವಾರ ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದು, ವಾರಕ್ಕೆ ನಾಲ್ಕು ದಿನ ವ್ಯಾಯಾಮ ಮಾಡಿದ್ದರು. ವಾರಕ್ಕೆ ಅರ್ಧ ಕೆಜಿ ಇಳಿದರು, ಅವರ ಮಕ್ಕಳು ಉಳಿದ ಮಕ್ಕಳಷ್ಟೇ ಬೆಳೆದವು. 'ಆದರೆ ನಿಮಗೆ ರಕ್ತ ಕಡಿಮೆ ಇದೆ, ರಾತ್ರಿ ನಿದ್ದೆ ಇಲ್ಲ. ನಿಮಗೆ 300 ಸಾಕು' ಅಂತ ಮುಗಿಸಿದರು. ಈ ಸಂಖ್ಯೆಗಳು ನನ್ನ ಎತ್ತರ, ತೂಕಕ್ಕೆ ಹೊಂದಿದವು. ನಿಮ್ಮದನ್ನು ನಿಮ್ಮ ಅಳತೆಗೆ ಹಾಕಿಸಿಕೊಳ್ಳಿ.

2,200 ಕ್ಯಾಲೊರಿ ತಿನ್ನುವುದು ಸುಲಭ ಅನ್ನಿಸಬಹುದು. ಮಗು ಕೈಯಲ್ಲಿದ್ದಾಗ ಹಾಗಲ್ಲ. ಬೆಳಗ್ಗೆ ತಿಂಡಿ ತಪ್ಪುತ್ತದೆ, ಮಧ್ಯಾಹ್ನ ನಾಲ್ಕು ತುತ್ತಿಗೆ ಮಗು ಏಳುತ್ತದೆ, ರಾತ್ರಿ ಹತ್ತಕ್ಕೆ ಸಿಕ್ಕಿದ್ದೆಲ್ಲ ತಿನ್ನುವ ಹಾಗಾಗುತ್ತದೆ. ನಮ್ಮ ಮನೆಯಲ್ಲಿ ನಡೆದ ಉಪಾಯ ಇದು: ಹಾಲು ಕೊಡಲು ಕೂರುವ ಕುರ್ಚಿಯ ಪಕ್ಕ ಒಂದು ಡಬ್ಬಿ, ಒಂದು ನೀರಿನ ಬಾಟಲಿ. ಡಬ್ಬಿಯಲ್ಲಿ ಒಂದು ಕೈಯಲ್ಲಿ ತಿನ್ನಬಹುದಾದ್ದು ಮಾತ್ರ. ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಹುರಿದ ಬೀಜಗಳು. ನನ್ನ ಗಂಡ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅದನ್ನು ತುಂಬಿಸಿಡುತ್ತಿದ್ದರು. ಮಗು ಕುಡಿಯುವಾಗಲೆಲ್ಲ ನಾನೂ ಏನಾದರೂ ತಿನ್ನುತ್ತಿದ್ದೆ. ನೀರು ಬಾಯಾರಿದಷ್ಟು ಕುಡಿದರೆ ಸಾಕು. ಬಲವಂತವಾಗಿ ಲೀಟರ್‌ಗಟ್ಟಲೆ ಕುಡಿದರೆ ಹಾಲೇನೂ ಹೆಚ್ಚಾಗುವುದಿಲ್ಲ.

ಮೂರನೇ ತಿಂಗಳು ದಾಟುವ ಹೊತ್ತಿಗೆ ಫಿಸಿಯೋ ಸಿಕ್ಕರು. ಬೆನ್ನ ಮೇಲೆ ಮಲಗಿಸಿ, ಮಂಡಿ ಮಡಿಸಿ, ತಲೆ ಸ್ವಲ್ಪ ಎತ್ತಿ ಅಂದರು. ಹೊಕ್ಕುಳ ಮೇಲೆ ಬೆರಳು ಅಡ್ಡ ಇಟ್ಟು ಹೊಟ್ಟೆಯ ಎರಡು ಸ್ನಾಯುಗಳ ನಡುವಿನ ಬಿರುಕು ಅಳೆದರು. ಎರಡೂವರೆ ಬೆರಳು ಹೋಯಿತು. ನನ್ನ ಕೈಯನ್ನೇ ಅಲ್ಲಿ ಇಡಿಸಿದರು. ತಲೆ ಎತ್ತಿದಾಗ ನಡುಗೆರೆಯಲ್ಲಿ ಉದ್ದಕ್ಕೆ ಒಂದು ದಿಬ್ಬ ಏಳುತ್ತಿತ್ತು, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. 'ಬಿರುಕು ಎಷ್ಟು ಅಗಲ ಅನ್ನೋದಕ್ಕಿಂತ ಈ ದಿಬ್ಬ ಏಳುತ್ತಾ ಇಲ್ವಾ ಅನ್ನೋದನ್ನ ನೋಡ್ಕೊಳ್ಳಿ. ಯಾವ ವ್ಯಾಯಾಮದಲ್ಲಿ ಏಳುತ್ತೋ ಅದು ನಿಮಗೆ ಇನ್ನೂ ಭಾರ ಅಂತ ಅರ್ಥ' ಅಂದರು. ಸಿಟ್‌ಅಪ್ ಮತ್ತು ಪ್ಲಾಂಕ್ ಅಲ್ಲಿಗೇ ಪಟ್ಟಿಯಿಂದ ಹೊರಬಿದ್ದವು.

ಮೊದಲ ವಾರಗಳ ಕೆಲಸ ನೋಡಲು ಏನೂ ಅಲ್ಲ. ಪೆಲ್ವಿಕ್ ಫ್ಲೋರ್ ಅಂದರೆ ಮೂತ್ರಕೋಶ, ಗರ್ಭಕೋಶವನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು. ಅವನ್ನು ಒಳಕ್ಕೆ, ಮೇಲಕ್ಕೆ ಎಳೆದು ಎಂಟು ಸೆಕೆಂಡ್ ಹಿಡಿದು ಪೂರ್ತಿ ಬಿಡುವುದು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಹೊತ್ತು. ಹಿಡಿಯುವಾಗ ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ಇದರ ಜೊತೆ ಸೊಂಟ ಎತ್ತುವುದು, ಕುರ್ಚಿಯಿಂದ ಏಳುವುದು ಕೂರುವುದು, ಗೋಡೆಗೆ ಕೈಕೊಟ್ಟು ಪುಷ್‌ಅಪ್, ಅರ್ಧ ಗಂಟೆ ಚುರುಕು ನಡಿಗೆ. ಕೆಲವು ವಾರಗಳಲ್ಲಿ ಸೀನಿದಾಗ ಸೋರುವುದು ಕಡಿಮೆಯಾಯಿತು. ನಾನು ಖುಷಿಯಿಂದ ಅತ್ತಿದ್ದು ತೂಕ ಇಳಿದಾಗ ಅಲ್ಲ, ಆವತ್ತು.

ಹಾಲಿನ ವಿಷಯಕ್ಕೆ ಬಂದರೆ, ವ್ಯಾಯಾಮಕ್ಕೆ ಮುಂಚೆ ಹಾಲು ಕೊಟ್ಟು ಹೋಗುವುದು ಒಳ್ಳೆಯದು. ಎದೆ ಹಗುರವಾಗಿರುತ್ತದೆ, ಮಗುವೂ ಸುಮ್ಮನಿರುತ್ತದೆ. ವ್ಯಾಯಾಮದ ನಂತರ ಹಾಲು ಹುಳಿಯಾಗುತ್ತೆ, ಹಿಂಡಿ ಚೆಲ್ಲಬೇಕು ಅಂತ ನನಗೆ ಹೇಳಿದವರಿದ್ದರು. ಏದುಸಿರು ಬಂದು ಪೂರ್ತಿ ಸುಸ್ತಾಗುವಷ್ಟು ಕಠಿಣವಾಗಿ ಮಾಡಿದರೆ ಹಾಲಿನಲ್ಲಿ ಲ್ಯಾಕ್ಟಿಕ್ ಆಮ್ಲ ಸ್ವಲ್ಪ ಹೊತ್ತು ಏರುವುದು ನಿಜ. ಮಾತಾಡುತ್ತ ಮಾಡಬಹುದಾದ ಮಟ್ಟದಲ್ಲಿ ಅದರ ಸುದ್ದಿಯೇ ಇಲ್ಲ. ಏರಿದರೂ ಮಗುವಿಗೆ ಅದರಿಂದ ಕೆಡುಕಿಲ್ಲ. ಚೆಲ್ಲುವ ಅಗತ್ಯ ಖಂಡಿತ ಇಲ್ಲ. ಬೆವರಿನ ಉಪ್ಪು ಕೆಲವು ಮಕ್ಕಳಿಗೆ ಇಷ್ಟವಾಗುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿಕೊಂಡರೆ ಆಯಿತು. ಇನ್ನೊಂದು, ಬ್ರಾ. ಹಳೆಯ ಸ್ಪೋರ್ಟ್ಸ್ ಬ್ರಾ ಬಿಗಿಯಾಗಿ ಕಂಕುಳ ಕೆಳಗೆ ಹಾಲು ಗಂಟು ಕಟ್ಟಿ ಆ ಜಾಗ ಕೆಂಪಗಾಗಿತ್ತು. ಅದನ್ನು ಜೋರಾಗಿ ತಿಕ್ಕಿದರೆ, ಪಂಪ್ ಹಾಕಿ ಹಾಕಿ ಖಾಲಿ ಮಾಡಿದರೆ ಊತ ಹೆಚ್ಚಾಗುತ್ತದೆ. ತಣ್ಣನೆ ಬಟ್ಟೆ ಇಟ್ಟುಕೊಂಡು, ಎಂದಿನಂತೆ ಹಾಲು ಕೊಟ್ಟರೆ ಒಂದು ದಿನದಲ್ಲಿ ಕರಗಬೇಕು. ಕರಗದಿದ್ದರೆ ಅಥವಾ ಜ್ವರ ಬಂದರೆ ಡಾಕ್ಟರ್. ನನ್ನದು ಕರಗಿತು. ಒಂದು ಅಳತೆ ದೊಡ್ಡ ಬ್ರಾ ಕೊಂಡೆ, ವ್ಯಾಯಾಮ ಮುಗಿದ ತಕ್ಷಣ ಬಿಚ್ಚುತ್ತಿದ್ದೆ.

ನಾಲ್ಕನೇ ತಿಂಗಳ ಹೊತ್ತಿಗೆ ಹಿಮೋಗ್ಲೋಬಿನ್ 12 ದಾಟಿತು. ವಾರಕ್ಕೆ ನಾಲ್ಕು ದಿನ ವ್ಯಾಯಾಮಕ್ಕೆ ಒಪ್ಪಿಗೆ ಸಿಕ್ಕಿತು, ಎರಡು ದಿನ ಡಂಬ್‌ಬೆಲ್, ಎರಡು ದಿನ ಉದ್ದ ನಡಿಗೆ. ಅಲ್ಲಿ ಶುರುವಾಯಿತು ನಾವ್ಯಾರೂ ನಿರೀಕ್ಷಿಸದ ತೊಡಕು.

ನಾನು ದಿನವೂ ಬೆಳಗ್ಗೆ ತೂಕ ನೋಡಿ ವಾರದ ಸರಾಸರಿ ಬರೆದಿಡುತ್ತಿದ್ದೆ. ಒಂದೊಂದು ದಿನದ ಸಂಖ್ಯೆ ನೀರಿನ ಮೇಲೆ, ಉಪ್ಪಿನ ಮೇಲೆ ಏರಿಳಿಯುತ್ತದೆ, ಸರಾಸರಿಯೇ ನಿಜ ಹೇಳುವುದು. ಅಲ್ಲಿಯವರೆಗೆ ವಾರಕ್ಕೆ ಕಾಲು ಕೆಜಿ ಇಳಿಯುತ್ತಿದ್ದ ಸರಾಸರಿ ಈಗ ಸತತವಾಗಿ ಮುಕ್ಕಾಲು ಕೆಜಿಗಿಂತ ಹೆಚ್ಚು ಇಳಿಯತೊಡಗಿತು. ನೋಡಿದವರೆಲ್ಲ ಚೆನ್ನಾಗಿ ಇಳಿದಿದ್ದೀಯ ಅಂದರು. ಆದರೆ ಅದೇ ದಿನಗಳಲ್ಲಿ ಎದೆ ಮೆತ್ತಗಾಯಿತು. ಮೊದಲಿನ ಹಾಗೆ ತುಂಬಿ ಬಿಗಿಯುತ್ತಿರಲಿಲ್ಲ. ಮಗಳು ಐದೇ ನಿಮಿಷ ಕುಡಿದು ಬಿಡುತ್ತಿದ್ದಳು, ಸಂಜೆ ಹೊತ್ತು ಎದೆ ಹತ್ತಿರ ಬಂದು ಅಳುತ್ತಿದ್ದಳು. ಪಂಪ್ ಹಚ್ಚಿದರೆ ಬಾಟಲಿಯ ತಳ ಮುಚ್ಚುವಷ್ಟು ಬಂತು. ವ್ಯಾಯಾಮದಿಂದ ಹಾಲು ಬತ್ತಿತು ಅಂತ ಅಮ್ಮ ಕಣ್ಣಲ್ಲಿ ನೀರು ತಂದುಕೊಂಡರು. ನನಗೂ ರಾತ್ರಿಯಿಡೀ ಅದೇ ಭಯ.

ಮರುದಿನ ಮಗಳ ತೂಕದ ಕಾರ್ಡ್ ಹಿಡಿದು ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಬಟ್ಟೆ, ಡೈಪರ್ ಎಲ್ಲ ತೆಗೆದು ತೂಕದ ತಟ್ಟೆಯಲ್ಲಿ ಮಲಗಿಸಿದರು. ಎರಡು ವಾರದ ಹಿಂದೆ ಲಸಿಕೆಗೆ ಹೋದಾಗಿನ ತೂಕಕ್ಕಿಂತ 230 ಗ್ರಾಂ ಜಾಸ್ತಿ. ದಿನಕ್ಕೆ 16 ಗ್ರಾಂ ಆಯಿತು. ಮೊದಲ ಮೂರು ತಿಂಗಳು ಮಕ್ಕಳು ದಿನಕ್ಕೆ 25ರಿಂದ 30 ಗ್ರಾಂ ಏರುತ್ತಾರೆ, ಆಮೇಲೆ 15ರಿಂದ 20ಕ್ಕೆ ಇಳಿಯುವುದು ಸಹಜ. 'ದಿನಕ್ಕೆ ಆರು ಡೈಪರ್ ಚೆನ್ನಾಗಿ ಒದ್ದೆಯಾಗುತ್ತಾ?' ಅಂತ ಕೇಳಿದರು. ಆಗುತ್ತಿತ್ತು. 'ಹಾಗಾದರೆ ಹಾಲು ಸಾಕಾಗುತ್ತಿದೆ' ಅಂದರು. ಮೂರು ನಾಲ್ಕು ತಿಂಗಳಿಗೆ ದೇಹ ಮಗುವಿನ ಅಗತ್ಯಕ್ಕೆ ತಕ್ಕಷ್ಟು ಮಾತ್ರ ತಯಾರಿಸಲು ಕಲಿಯುತ್ತದೆ, ಅದಕ್ಕೇ ಎದೆ ಬಿಗಿಯುವುದಿಲ್ಲ. ಮಗುವೂ ಬೇಗ ಬೇಗ ಕುಡಿಯಲು ಕಲಿತಿರುತ್ತದೆ. ಸಂಜೆಯ ಅಳು ಈ ವಯಸ್ಸಿನಲ್ಲಿ ಸಾಮಾನ್ಯ. ಪಂಪಿಗೆ ಎಷ್ಟು ಬರುತ್ತದೆ ಅನ್ನುವುದು ಮಗು ಎಷ್ಟು ಕುಡಿಯುತ್ತದೆ ಅನ್ನುವುದಕ್ಕೆ ಅಳತೆಯೇ ಅಲ್ಲ. ಡೈಪರ್ ಎಣಿಕೆ ಮತ್ತು ತೂಕದ ಕಾರ್ಡ್, ನಂಬಬೇಕಾದ್ದು ಇವೆರಡನ್ನೇ. ಒದ್ದೆ ಡೈಪರ್ ಕಡಿಮೆಯಾದರೆ, ಮೂತ್ರ ಗಾಢ ಹಳದಿಯಾದರೆ, ಕಾರ್ಡಿನ ಗೆರೆ ಕೆಳಗಿನ ಗೆರೆಯತ್ತ ಜಾರಿದರೆ ಆಗ ತಡಮಾಡದೆ ತೋರಿಸಬೇಕು.

ಮಗಳು ಸರಿ ಇದ್ದಾಳೆ ಅಂದಮೇಲೆ ನಾನು ನಿರಾಳವಾಗಿ ಡಯಟಿಷಿಯನ್‌ಗೆ ಫೋನ್ ಮಾಡಿದೆ. ಆಕೆ ನಿರಾಳವಾಗಲಿಲ್ಲ. 'ಮಗು ಸರಿ ಇದೆ ಅಂದರೆ ನೀವು ಸರಿ ಇದ್ದೀರಿ ಅಂತಲ್ಲ. ಅವು ಎರಡು ಬೇರೆ ಪ್ರಶ್ನೆ' ಅಂದರು. ಊಟ ಕಡಿಮೆಯಾದಾಗ ದೇಹ ಮೊದಲು ಹಾಲನ್ನು ಕಾಪಾಡುತ್ತದೆ. ಕೊರತೆಯನ್ನು ತಾಯಿಯ ಕೊಬ್ಬು, ಸ್ನಾಯು, ಮೂಳೆ ತೆರುತ್ತವೆ. ಹಾಗಾಗಿ ಹಾಲು ಚೆನ್ನಾಗಿದೆ ಅನ್ನುವುದನ್ನು ನಾನು ಸಾಕಷ್ಟು ತಿನ್ನುತ್ತಿದ್ದೇನೆ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಳ್ಳುವಂತಿಲ್ಲ.

ಆಮೇಲೆ ಆಕೆ ಹೇಳಿದ್ದು ನಾನು ಎಲ್ಲೂ ಓದದ ವಿಷಯ. ವ್ಯಾಯಾಮ ಮಾಡುವ ಹೆಂಗಸರು ಊಟ ಸಾಲದೆ ಹೋದಾಗ ಸಾಮಾನ್ಯವಾಗಿ ಮುಟ್ಟು ತಪ್ಪುತ್ತದೆ. ಅದೇ ದೊಡ್ಡ ಎಚ್ಚರಿಕೆ. ಆದರೆ ಪೂರ್ತಿ ಹಾಲುಣಿಸುವಾಗ ತುಂಬ ಜನಕ್ಕೆ ಮುಟ್ಟು ಹೇಗೂ ಬಂದಿರುವುದಿಲ್ಲ. ಆ ಎಚ್ಚರಿಕೆ ನಮಗೆ ಕೇಳಿಸುವುದೇ ಇಲ್ಲ. ಕೂದಲು ಉದುರುವುದು ಇನ್ನೊಂದು ಗುರುತು. ಅದೂ ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ತುಂಬ ಜನಕ್ಕೆ ಉದುರುತ್ತದೆ. ಸುಸ್ತು? ಚಿಕ್ಕ ಮಗು ಇರುವವರಲ್ಲಿ ಸುಸ್ತಿಲ್ಲದವರು ಯಾರು? ಹೀಗೆ ಒಂದೊಂದು ಗುರುತೂ ಬಾಣಂತಿಯ ದಿನಗಳಲ್ಲಿ ಮುಚ್ಚಿಹೋಗುತ್ತದೆ. ಹಾಗಾದರೆ ಏನು ನೋಡಬೇಕು ಅಂತ ಕೇಳಿದೆ. ಆಕೆ ಕೇಳಿದ ಪ್ರಶ್ನೆಗಳೇ ಉತ್ತರ. ವಾರದ ಸರಾಸರಿ ಅರ್ಧ ಕೆಜಿಗಿಂತ ವೇಗವಾಗಿ ಇಳಿಯುತ್ತಿದೆಯಾ? ಹೌದು. ಕಳೆದ ವಾರ ಎತ್ತಿದ ಭಾರ ಈ ವಾರ ಭಾರವೆನಿಸುತ್ತಿದೆಯಾ? ಹೌದು, ಕಾಲು ಸೀಸದ ಹಾಗೆ. ಬೆಳಗ್ಗೆ ಎದ್ದಾಗಿನ ನಾಡಿಬಡಿತ ಎಂದಿಗಿಂತ ಬೇರೆಯಾಗಿದೆಯಾ? ಏರಿತ್ತು. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರುತ್ತಿಲ್ಲವಾ? ಚಳಿ, ಸಿಡುಕು? ಎಲ್ಲಕ್ಕೂ ಹೌದು ಅನ್ನುತ್ತ ಹೋದೆ. ಕಣಕಾಲಿನ ಮುಂದೆ ಅಥವಾ ಸೊಂಟದ ಹಿಂದೆ ಒಂದೇ ಜಾಗದಲ್ಲಿ ನೋವಿದೆಯಾ ಅಂತಲೂ ಕೇಳಿದರು. ಅದೊಂದು ಇರಲಿಲ್ಲ. ಹಾಲುಣಿಸುವ ತಿಂಗಳುಗಳಲ್ಲಿ ಮೂಳೆಯ ಸಾಂದ್ರತೆ ಹೇಗೂ ಸ್ವಲ್ಪ ಇಳಿದಿರುತ್ತದೆ. ಹಾಲು ಬಿಡಿಸಿದ ಮೇಲೆ ಅದು ತುಂಬಿಕೊಳ್ಳುತ್ತದೆ. ಆ ನಡುವೆ ಊಟವೂ ಕಡಿಮೆಯಾಗಿ ಓಟವೂ ಸೇರಿದರೆ ಮೂಳೆ ಬಿರುಕು ಬಿಡಬಹುದು. ಅಂಥ ನೋವು ಬಂದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಲೇಬೇಕು.

ಕಾರಣವೂ ಸಿಕ್ಕಿತು. ವ್ಯಾಯಾಮ ಎರಡರಷ್ಟಾಗಿತ್ತು, ಹಸಿವು ಅದೇ ವೇಗದಲ್ಲಿ ಏರಿರಲಿಲ್ಲ. ಜೊತೆಗೆ ವ್ಯಾಯಾಮದ ಸಮಯ ಸಂಜೆಯ ತಿಂಡಿಯನ್ನೇ ನುಂಗಿಹಾಕಿತ್ತು. ಎರಡು ವಾರ ಕೊರತೆಯೇ ಬೇಡ, ಖರ್ಚಾದಷ್ಟೂ ತಿನ್ನಿ ಅಂದರು. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಒಂದು ಬಟ್ಟಲು ಮೊಸರು, ಹಣ್ಣು, ಒಂದು ಹಿಡಿ ಬೀಜ. ರಾತ್ರಿ ಎರಡು ಗಂಟೆಯ ಹಾಲಿಗೆ ಏಳುವಾಗ ಹಸಿವಾದರೆ ಆಗಲೂ ತಿನ್ನುವುದು. ವಾರ ಕಳೆಯುವಷ್ಟರಲ್ಲಿ ನಾಡಿಬಡಿತ ಇಳಿಯಿತು. ಆಮೇಲೆ ಡಂಬ್‌ಬೆಲ್ ಮತ್ತೆ ಹಗುರವಾಯಿತು. ತೂಕ ಅರ್ಧ ಕೆಜಿ ಏರಿತು, ಅದು ಸ್ನಾಯುವಿನಲ್ಲಿ ಮತ್ತೆ ತುಂಬಿಕೊಂಡ ಸಕ್ಕರೆ, ನೀರು. ಹೆದರಿ ಊಟ ಇಳಿಸುವ ಅಗತ್ಯ ಇಲ್ಲ. ಆಮೇಲೆ ಮತ್ತೆ 300ರ ಕೊರತೆಗೆ ಮರಳಿದೆ, ಇಳಿತವೂ ಕಾಲು ಕೆಜಿಗೆ ಬಂತು.

ಓಟದ ಆಸೆ ನನಗೆ ಮೊದಲಿನಿಂದ ಇತ್ತು. ಹನ್ನೆರಡು ವಾರಕ್ಕೆ ಮುಂಚೆ ಬೇಡವೇ ಬೇಡ ಅನ್ನುತ್ತಾರೆ. ಫಿಸಿಯೋ ವಾರ ಎಣಿಸುವ ಬದಲು ಪರೀಕ್ಷೆ ಇಟ್ಟರು. ಅರ್ಧ ಗಂಟೆ ನಡಿಗೆ, ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲುವುದು, ಒಂಟಿ ಕಾಲಲ್ಲಿ ಹತ್ತು ಸಲ ಬಗ್ಗಿ ಏಳುವುದು, ನಿಂತಲ್ಲೇ ಒಂದು ನಿಮಿಷ ಓಡುವುದು, ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸುವುದು. ಯಾವುದರಲ್ಲೂ ನೋವು, ಸೋರಿಕೆ, ಕೆಳಗೆ ಏನೋ ಜಗ್ಗಿದಂತೆ ಭಾರ ಆಗಬಾರದು. ಮೊದಲ ಸಲ ಕುಪ್ಪಳಿಸುವಾಗ ಸೋರಿತು. ಇನ್ನೊಂದು ತಿಂಗಳು ತಡೆದರು. ಐದು ತಿಂಗಳು ತುಂಬಿದ ಮೇಲೆ ದಾಟಿದೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಅಲ್ಲಿಂದ ಶುರು.

ಮಗಳಿಗೆ ಆರು ತಿಂಗಳು ತುಂಬಿ ಮೇಲಿನ ಆಹಾರ ಶುರುವಾದ ಮೇಲೆ ನನ್ನ ತೂಕ ನಿಂತುಬಿಟ್ಟಿತು. ವಾರ ಕಳೆದರೂ ಅಲ್ಲಾಡಲಿಲ್ಲ. ಇದಕ್ಕೂ ಲೆಕ್ಕವೇ ಉತ್ತರ ಕೊಟ್ಟಿತು. ಅವಳು ಹಾಲು ಸ್ವಲ್ಪ ಸ್ವಲ್ಪ ಕಡಿಮೆ ಕುಡಿಯತೊಡಗಿದ್ದಳು, ನನ್ನ ದೇಹವೂ ನಾಲ್ಕು ಕೆಜಿ ಹಗುರವಾಗಿತ್ತು. ಎರಡೂ ಸೇರಿ ದಿನದ ಖರ್ಚು ಇಳಿದಿತ್ತು, ಊಟ ಮಾತ್ರ ಹಳೆಯ ಲೆಕ್ಕದಲ್ಲೇ ಇತ್ತು. 2,200ನ್ನು 2,050ಕ್ಕೆ ತಂದೆವು. ಒಂದೇ ಸಲಕ್ಕೆ ಅಲ್ಲ, ಎರಡು ವಾರದಲ್ಲಿ. ಪ್ರೋಟೀನ್ ಇಳಿಸಲಿಲ್ಲ, ರಾತ್ರಿಯ ಅನ್ನವನ್ನು ಸ್ವಲ್ಪ ಇಳಿಸಿದೆವು. ತೂಕ ಮತ್ತೆ ಜಾರತೊಡಗಿತು.

ಖರ್ಚಿನ ವಿಷಯ ಕೇಳಿದರೆ, ಹೆಚ್ಚು ಹೋದದ್ದು ಫಿಸಿಯೋ ಭೇಟಿಗಳಿಗೆ. ಆದರೆ ಪ್ರತಿ ವಾರ ಹೋಗಬೇಕಾಗಿಲ್ಲ. ಶುರುವಿನಲ್ಲಿ ಸರಿಯಾಗಿ ಕಲಿತುಕೊಂಡು, ತಿಂಗಳಿಗೊಮ್ಮೆ ತೋರಿಸಿದರೆ ನಡೆಯುತ್ತದೆ. ರಕ್ತ ಪರೀಕ್ಷೆ, ಬ್ರಾ, ಡಂಬ್‌ಬೆಲ್ ಇವು ಒಂದು ಸಲದ ಖರ್ಚು. ಮನೆಗೆ ಮಗುವಿನ ತೂಕದ ಯಂತ್ರ ತರುವ ಯೋಚನೆ ಇತ್ತು, ಡಾಕ್ಟರ್ ಬೇಡ ಅಂದರು. ದಿನವೂ ತೂಗಿದರೆ ಗಾಬರಿ ಹೆಚ್ಚಾಗುವುದೇ ಹೊರತು ಉಪಯೋಗವಿಲ್ಲ. ಹಾಲು ಹೆಚ್ಚಿಸುವ ಪುಡಿಗೂ ನಾನು ದುಡ್ಡು ಹಾಕಲಿಲ್ಲ.

ಮೊದಲ ಭೇಟಿಗೆ ಹೋಗುವವರು ಇವಿಷ್ಟನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ: ಡಿಸ್ಚಾರ್ಜ್ ಸಮ್ಮರಿ, ಹೆರಿಗೆಯ ನಂತರದ ರಕ್ತದ ರಿಪೋರ್ಟ್, ಮಗುವಿನ ತೂಕದ ಕಾರ್ಡ್, ತಗೊಳ್ಳುತ್ತಿರುವ ಮಾತ್ರೆಗಳ ಹೆಸರು, ಮೂರು ದಿನ ತಿಂದದ್ದೆಲ್ಲ ಬರೆದ ಹಾಳೆ. ಆ ಹಾಳೆಯಲ್ಲಿ ರಾತ್ರಿ ತಿಂದದ್ದನ್ನೂ ಬರೆಯಿರಿ, ಹೆಚ್ಚಿನವರು ಅದನ್ನೇ ಬಿಡುತ್ತಾರಂತೆ. ನನಗೆ ಮುಂದಿನ ಭೇಟಿ ಹಾಲು ಬಿಡಿಸಲು ಶುರು ಮಾಡುವ ಮುಂಚೆ. ಒಂದೊಂದು ಹೊತ್ತಿನ ಹಾಲು ನಿಂತಂತೆ ಊಟವನ್ನೂ ಅಷ್ಟಷ್ಟೇ ಇಳಿಸಬೇಕು. ಇಲ್ಲದಿದ್ದರೆ ಮಗು ಬಿಟ್ಟ ಕ್ಯಾಲೊರಿ ನನ್ನ ಮೈಗೇ ಸೇರುತ್ತದೆ. ಆ ಪಟ್ಟಿಯನ್ನು ಈಗಲೇ ಮಾಡಿಸಿಕೊಳ್ಳುತ್ತಿದ್ದೇನೆ.